ರಾತ್ರಿ ಕುಡಿದದ್ದು ಬೆಳಿಗ್ಗೆ ಇಳಿದಿರುತ್ತದೆಯೇ? ರಕ್ತದ ಆಲ್ಕೋಹಾಲ್ ಲೆಕ್ಕ

ರಾತ್ರಿ ಹನ್ನೊಂದಕ್ಕೆ ಗ್ಲಾಸು ಕೆಳಗಿಟ್ಟವರು ಬೆಳಿಗ್ಗೆ ಆರಕ್ಕೆ ಕಾರು ಓಡಿಸಬಹುದೇ? ಏಳು ಗಂಟೆ ನಿದ್ದೆಯಾಗಿದೆ, ತಲೆ ಹಗುರವಾಗಿದೆ, ಮುಖ ತೊಳೆದದ್ದೂ ಆಗಿದೆ. ಹಾಗಾಗಿ ಎಲ್ಲ ಇಳಿದುಹೋಗಿದೆ ಎಂದೇ ಬಹಳ ಮಂದಿ ನಂಬುತ್ತಾರೆ. ಈ ಪ್ರಶ್ನೆಗೆ ಪೆನ್ನು ಕಾಗದ ಹಿಡಿದು ಉತ್ತರ ಹುಡುಕಬಹುದು. ಲೆಕ್ಕ ಬರೀ ಭಾಗಾಕಾರ ಮತ್ತು ಕಳೆಯುವಿಕೆ, ಅಷ್ಟೇ. ಇದು ಇಷ್ಟು ಸುಲಭವಾಗಿರುವುದಕ್ಕೂ, ಜನ ಇದರಲ್ಲಿ ತಪ್ಪುವುದಕ್ಕೂ ಕಾರಣ ಒಂದೇ: ಆಲ್ಕೋಹಾಲ್ ರಕ್ತದಿಂದ ಹೊರಹೋಗುವ ರೀತಿ ಬೇರೆ ಹೆಚ್ಚಿನ ಔಷಧಿಗಳಂತಲ್ಲ.

ಪ್ಯಾರಾಸಿಟಮಾಲನ್ನು ತೆಗೆದುಕೊಳ್ಳಿ. ರಕ್ತದಲ್ಲಿ ಎಷ್ಟಿದ್ದರೂ ಸುಮಾರು ಎರಡೂವರೆ ಗಂಟೆಯಲ್ಲಿ ಅದರ ಅರ್ಧ ಹೋಗುತ್ತದೆ, ಇನ್ನೆರಡೂವರೆ ಗಂಟೆಯಲ್ಲಿ ಉಳಿದದ್ದರ ಅರ್ಧ. ಇದನ್ನೇ ಅರ್ಧಾಯುಷ್ಯ ಎನ್ನುವುದು. ಹೆಚ್ಚಿದ್ದಾಗ ಹೆಚ್ಚು, ಕಡಿಮೆಯಿದ್ದಾಗ ಕಡಿಮೆ ಹೊರಹೋಗುತ್ತದೆ. ಮಾಮೂಲಿ ಪ್ರಮಾಣದಲ್ಲಿ ಒಂದರ ಬದಲು ಎರಡು ಮಾತ್ರೆ ನುಂಗಿದರೆ, ಒಂದೇ ಮಟ್ಟಕ್ಕೆ ಇಳಿಯಲು ಹೆಚ್ಚಿಗೆ ಬೇಕಾಗುವುದು ಇನ್ನೊಂದು ಎರಡೂವರೆ ಗಂಟೆ ಮಾತ್ರ.

ಆಲ್ಕೋಹಾಲ್ ಹಾಗಲ್ಲ. ಅದರ ಬಹುಪಾಲನ್ನು ಒಡೆಯುವುದು ಲಿವರಿನ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ. ಉಸಿರು, ಮೂತ್ರ, ಬೆವರಿನಲ್ಲಿ ಹೋಗುವುದು ಸ್ವಲ್ಪವೇ. ಈ ಕಿಣ್ವ ಬಹಳ ಬೇಗ ತನ್ನ ಪೂರ್ತಿ ಸಾಮರ್ಥ್ಯ ಮುಟ್ಟಿಬಿಡುತ್ತದೆ. ರಕ್ತದಲ್ಲಿ 100 ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟಿದರೆ ಸಾಕು, ಅದು ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ಅಲ್ಲಿಂದ ಮೇಲೆ 60 ಇರಲಿ, 200 ಇರಲಿ, ಗಂಟೆಗೆ ಒಡೆಯುವ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಒಂದೇ ತಕ್ಕಡಿಯ ನ್ಯಾಯಬೆಲೆ ಅಂಗಡಿಯಲ್ಲಿ ಹತ್ತು ಜನ ನಿಂತರೂ ನೂರು ಜನ ನಿಂತರೂ ಗಂಟೆಗೆ ಅಕ್ಕಿ ಪಡೆದು ಹೊರಡುವವರ ಸಂಖ್ಯೆ ಬದಲಾಗದ ಹಾಗೆ. ಇದಕ್ಕೆ ಝೀರೋ ಆರ್ಡರ್ ಎನ್ನುತ್ತಾರೆ. ಹೊರಹೋಗುವ ವೇಗ ಇರುವ ಪ್ರಮಾಣವನ್ನು ಅವಲಂಬಿಸಿಲ್ಲ ಎಂದು ಅದರ ಅರ್ಥ. ಗ್ರಾಫ್ ಹಾಕಿದರೆ ಬಾಗಿದ ಗೆರೆಯ ಬದಲು ನೇರವಾಗಿ ಇಳಿಯುವ ಗೆರೆ ಬರುತ್ತದೆ.

ಆ ಇಳಿಜಾರು ಎಷ್ಟು? ಹೆಚ್ಚಿನವರಲ್ಲಿ ಗಂಟೆಗೆ 100 ಮಿಲಿಲೀಟರ್ ರಕ್ತಕ್ಕೆ 10ರಿಂದ 25 ಮಿಲಿಗ್ರಾಂ, ಸರಾಸರಿ 15. ಆಲ್ಕೋಹಾಲಿಗೆ ಅರ್ಧಾಯುಷ್ಯದ ಲೆಕ್ಕ ಏಕೆ ಹಿಡಿಯುವುದಿಲ್ಲ ಎಂಬುದು ಈ ಸಂಖ್ಯೆಯಿಂದಲೇ ಕಾಣುತ್ತದೆ. 200ರಿಂದ 100ಕ್ಕೆ ಇಳಿಯಲು ಆರೂ ಮುಕ್ಕಾಲು ಗಂಟೆಯ ಹತ್ತಿರ ಬೇಕು. 100ರಿಂದ 50ಕ್ಕೆ ಅದರ ಅರ್ಧ ಹೊತ್ತು ಸಾಕು. ಅಂದರೆ ಹೆಚ್ಚು ಕುಡಿದವರಿಗೆ ಮೊದಲ ಅರ್ಧ ಇಳಿಯುವುದೇ ಅತಿ ನಿಧಾನ.

ಲೆಕ್ಕದ ಸೂತ್ರ ಕಟ್ಟಿಕೊಟ್ಟವರು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎರಿಕ್ ವಿಡ್‌ಮಾರ್ಕ್. 1932ರಲ್ಲಿ ಪ್ರಕಟವಾದ ಅವರ ಕೆಲಸವೇ ಇವತ್ತಿಗೂ ನ್ಯಾಯವೈದ್ಯಕೀಯ ಪ್ರಯೋಗಾಲಯಗಳ ಲೆಕ್ಕಕ್ಕೆ ಬುನಾದಿ. ಸರಳವಾಗಿ ಹೀಗೆ ಬರೆಯಬಹುದು:

```
C = 100 × A / (r × W)  −  β × t
```

ಇಲ್ಲಿ A ಎಂದರೆ ಕುಡಿದ ಶುದ್ಧ ಆಲ್ಕೋಹಾಲಿನ ಗ್ರಾಂ, W ದೇಹತೂಕ ಕಿಲೋಗ್ರಾಂನಲ್ಲಿ. r ಎಂಬುದು ಪ್ರತಿ ಕಿಲೋ ತೂಕಕ್ಕೆ ಆಲ್ಕೋಹಾಲ್ ಹರಡಿಕೊಳ್ಳುವ ಜಾಗ. ಗಂಡಸರಿಗೆ ಸುಮಾರು 0.7 ಲೀಟರ್, ಹೆಂಗಸರಿಗೆ 0.6. β ಗಂಟೆಗೆ ಇಳಿಯುವ ಪ್ರಮಾಣ. t ಕುಡಿಯಲು ಶುರುಮಾಡಿದ ಹೊತ್ತಿನಿಂದ ಕಳೆದ ಗಂಟೆಗಳು. ಮುಗಿಸಿದ ಹೊತ್ತಿನಿಂದಲ್ಲ, ಏಕೆಂದರೆ ಮೊದಲ ಗುಟುಕು ರಕ್ತ ಸೇರಿದಾಗಲೇ ಲಿವರ್ ಕೆಲಸ ಶುರುಮಾಡಿರುತ್ತದೆ. C ಬರುವುದು 100 ಮಿಲಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂದು.

ಈಗ ಒಂದು ರಾತ್ರಿಯ ಲೆಕ್ಕ ಹಾಕೋಣ. 70 ಕಿಲೋ ತೂಕದ ಗಂಡಸು ಒಂಬತ್ತು ಗಂಟೆಗೆ ಶುರುಮಾಡಿ ಹನ್ನೊಂದರೊಳಗೆ ಮೂರು ನೈಂಟಿ ವಿಸ್ಕಿ ಮುಗಿಸಿದ, ಅಂದರೆ 270 ಮಿಲಿಲೀಟರ್. ನಮ್ಮಲ್ಲಿ ವಿಸ್ಕಿ ಬಾಟಲಿಯ ಲೇಬಲ್ ಮೇಲೆ ಸಾಮಾನ್ಯವಾಗಿ 42.8 ಶೇಕಡ ಎಂದಿರುತ್ತದೆ. ಅದು ಗಾತ್ರದ ಲೆಕ್ಕ, ತೂಕದ್ದಲ್ಲ. 270ರಲ್ಲಿ 115.6 ಮಿಲಿಲೀಟರ್ ಶುದ್ಧ ಆಲ್ಕೋಹಾಲ್ ಇದೆ. ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಮಿಲಿಲೀಟರಿಗೆ 0.789 ಗ್ರಾಂ. ಗುಣಿಸಿದರೆ 91 ಗ್ರಾಂ. ಅದನ್ನು 0.7 × 70, ಅಂದರೆ 49 ಲೀಟರಿಗೆ ಹಂಚಿ ನೂರರಿಂದ ಗುಣಿಸಿದರೆ 186 ಬರುತ್ತದೆ.

ಬೆಳಿಗ್ಗೆ ಆರಕ್ಕೆ ಒಂಬತ್ತು ಗಂಟೆ ಕಳೆದಿವೆ. ಗಂಟೆಗೆ 15ರಂತೆ 135 ಇಳಿದು 51 ಉಳಿದಿದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ನಮ್ಮ ದೇಶದಲ್ಲಿ ಮಿತಿ 30. ಅಂದರೆ ಏಳು ಗಂಟೆ ಗಾಢ ನಿದ್ದೆ ಮಾಡಿ ಎದ್ದವನೂ ಆರು ಗಂಟೆಗೆ ಸ್ಟಿಯರಿಂಗ್ ಹಿಡಿದರೆ ಕಾನೂನಿನ ಕಣ್ಣಿನಲ್ಲಿ ಕುಡಿದು ಓಡಿಸುತ್ತಿರುವವನೇ. 186ರಿಂದ 30ಕ್ಕೆ ಇಳಿಯಲು 156 ಹೋಗಬೇಕು. 15ರಿಂದ ಭಾಗಿಸಿದರೆ 10.4 ಗಂಟೆ, ಅಂದರೆ ಬೆಳಿಗ್ಗೆ ಏಳೂ ಇಪ್ಪತ್ನಾಲ್ಕು.

ಆದರೆ ಈ 15 ಸರಾಸರಿ ಎಂಬುದನ್ನು ಮರೆಯಬಾರದು. ಅವನ ಲಿವರ್ ಗಂಟೆಗೆ 10 ಮಾತ್ರ ಇಳಿಸುವಂಥದ್ದಾಗಿದ್ದರೆ ಆರು ಗಂಟೆಗೆ ಅವನ ರಕ್ತದಲ್ಲಿ 96 ಇರುತ್ತದೆ, 30ಕ್ಕೆ ಇಳಿಯುವುದು ಮಧ್ಯಾಹ್ನ ಹನ್ನೆರಡೂವರೆ ದಾಟಿದ ಮೇಲೆ. ತಾನು ಯಾವ ಗುಂಪಿನವನು ಎಂದು ಯಾರಿಗೂ ಮೈಮೇಲೆ ಬರೆದುಕೊಂಡಿರುವುದಿಲ್ಲ. ಆದ್ದರಿಂದ ಯಾವಾಗ ಓಡಿಸಬಹುದು ಎಂದು ಮುಂದಾಗಿ ಲೆಕ್ಕ ಹಾಕುವವರು 10ನ್ನೇ ಹಿಡಿಯಬೇಕು. 30 ಎಂಬುದು ಕೂಡ ಕಾನೂನು ಎಳೆದ ಗೆರೆ. ಅದರ ಕೆಳಗೆ ಬಂದ ಕೂಡಲೇ ಕಣ್ಣು, ಕೈ, ಗಮನ ಎಲ್ಲವೂ ಮೊದಲಿನಂತಾದವು ಎಂದೇನೂ ಅಲ್ಲ.

ಲೆಕ್ಕ ಹೆಚ್ಚಾಗಿ ಕೆಡುವುದು A ಮತ್ತು r ಎರಡರಲ್ಲಿ. ಬಿಯರ್ ಹಗುರ ಎಂಬ ನಂಬಿಕೆ ಮೊದಲನೆಯದು. 8 ಶೇಕಡದ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ 41 ಗ್ರಾಂ ಆಲ್ಕೋಹಾಲ್ ಇರುತ್ತದೆ. ಒಂದು ನೈಂಟಿ ವಿಸ್ಕಿಯಲ್ಲಿ ಇರುವುದು 30 ಗ್ರಾಂ. ಮನೆಯಲ್ಲಿ ಕಣ್ಣಳತೆಯಲ್ಲಿ ಸುರಿದ ಪೆಗ್‌ಗಂತೂ ಅಳತೆಯೇ ಇಲ್ಲ; ಪೆಗ್ ಎಣಿಸುವ ಬದಲು ಬಾಟಲಿಯಲ್ಲಿ ಎಷ್ಟು ಕಡಿಮೆಯಾಗಿದೆ ಎಂದು ನೋಡುವುದೇ ಮೇಲು.

ಎರಡನೆಯದು ದೇಹದ್ದು. ಆಲ್ಕೋಹಾಲ್ ನೀರಿನಲ್ಲಿ ಬೆರೆಯುತ್ತದೆ, ಕೊಬ್ಬಿನಲ್ಲಿ ಹೆಚ್ಚು ಸೇರುವುದಿಲ್ಲ. ಹೊಟ್ಟೆ ಬಂದು 95 ಕಿಲೋ ತೂಗುವವರು ಪೂರ್ತಿ ತೂಕಕ್ಕೆ 0.7 ಹಾಕಿದರೆ ಇಲ್ಲದ ಜಾಗವನ್ನು ಲೆಕ್ಕಕ್ಕೆ ಸೇರಿಸಿದಂತೆ, ಉತ್ತರ ನಿಜಕ್ಕಿಂತ ಕಡಿಮೆ ಬರುತ್ತದೆ. ಹೆಂಗಸರ ಮೈಯಲ್ಲಿ ನೀರಿನ ಪಾಲು ಕಡಿಮೆ, ಅದಕ್ಕೇ ಅವರ r ಕಡಿಮೆ. 50 ಕಿಲೋ ತೂಕದ ಹೆಂಗಸು ಒಂದೇ ಒಂದು ನೈಂಟಿ ಕುಡಿದರೆ 30 ಲೀಟರಿಗೆ 30 ಗ್ರಾಂ, ಅಂದರೆ ಸುಮಾರು 100. ಗಂಟೆಗೆ 15ರಂತೆ ಇಳಿದರೂ 30ಕ್ಕೆ ಬರಲು ನಾಲ್ಕೂ ಮುಕ್ಕಾಲು ಗಂಟೆ ಹತ್ತಿರ ಬೇಕು. ಅದೇ ನೈಂಟಿಗೆ 70 ಕಿಲೋ ಗಂಡಸಿಗೆ ಎರಡು ಗಂಟೆ ಸಾಕು. ಒಟ್ಟಿಗೆ ಕೂತು ಸಮಸಮ ಕುಡಿದ ಇಬ್ಬರು ಒಟ್ಟಿಗೇ ಇಳಿಯುವುದಿಲ್ಲ.

ಕಾಫಿ, ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಇವು ಯಾವುವೂ β ಬದಲಿಸುವುದಿಲ್ಲ. ಕಾಫಿ ಕುಡಿದವರಿಗೆ ಎಚ್ಚರ ಬಂದಂತೆ ಅನ್ನಿಸುತ್ತದೆ, ಸಂಖ್ಯೆ ಅಲ್ಲೇ ಇರುತ್ತದೆ. ಕುಡಿಯುವ ಮುಂಚೆ ಊಟ ಮಾಡಿದ್ದರೆ ಆಲ್ಕೋಹಾಲ್ ನಿಧಾನವಾಗಿ ರಕ್ತ ಸೇರಿ ಗರಿಷ್ಠ ಮಟ್ಟ ಕಡಿಮೆಯಾಗುವುದು ನಿಜ. ಆದರೆ ಒಮ್ಮೆ ರಕ್ತ ಸೇರಿದ್ದನ್ನು ಆಮೇಲೆ ಮಾಡಿದ ಊಟ ಹೊರಗೆಳೆಯುವುದಿಲ್ಲ. ದಿನವೂ ವಿಪರೀತ ಕುಡಿಯುವವರಲ್ಲಿ ಮಾತ್ರ ಲಿವರಿನ ಇನ್ನೊಂದು ಕಿಣ್ವ ವ್ಯವಸ್ಥೆ ಚುರುಕಾಗಿ ಇಳಿಕೆ ಗಂಟೆಗೆ 25 ದಾಟುವುದುಂಟು. ಲಿವರ್ ಪೂರ್ತಿ ಕೆಟ್ಟ ಮೇಲೆ ಆ ವೇಗವೂ ಕುಸಿಯಬಹುದು.

ಇಷ್ಟು ಗಂಟೆ ಬಿಟ್ಟರೆ ಸಾಕು ಎಂಬ ನಿಯಮ ತಾನಾಗಿ ಏಕೆ ಸಾಲದು ಎಂಬುದಕ್ಕೆ ವಿಮಾನಯಾನದ ನಿಯಮ ನೋಡಬಹುದು. ಭಾರತದಲ್ಲಿ ಪೈಲಟ್‌ಗಳು ಹಾರಾಟಕ್ಕೆ ಹನ್ನೆರಡು ಗಂಟೆ ಮುಂಚಿನಿಂದ ಕುಡಿದಿರಬಾರದು. ಹನ್ನೆರಡು ಗಂಟೆಯಲ್ಲಿ ಗಂಟೆಗೆ 10ರಂತೆ ಇಳಿಯುವುದು 120 ಮಾತ್ರ. 186ಕ್ಕೆ ಏರಿಸಿಕೊಂಡವನಲ್ಲಿ ಇನ್ನೂ 66 ಉಳಿದೀತು. ಅದಕ್ಕೇ ಗಂಟೆಯ ನಿಯಮದ ಜೊತೆಗೆ ಉಸಿರಿನ ಪರೀಕ್ಷೆಯನ್ನೂ ಇಟ್ಟಿರುವುದು.

ಆಸ್ಪತ್ರೆಯಲ್ಲಿ ಅಂದಾಜಿನ β ಹಿಡಿಯುವ ಅಗತ್ಯವಿಲ್ಲ, ಅಳೆಯಬಹುದು. ಕೊನೆಯ ಪೆಗ್ ಆದ ಮೇಲೆ ಹೀರಿಕೆ ಮುಗಿಯಲು ಒಂದೆರಡು ಗಂಟೆ ಬಿಟ್ಟು ಎರಡು ಸಲ ರಕ್ತ ತೆಗೆಯಬೇಕು. ರಾತ್ರಿ ಹತ್ತಕ್ಕೆ 212, ಹನ್ನೆರಡಕ್ಕೆ 178 ಬಂದರೆ ಆ ವ್ಯಕ್ತಿಯ ಇಳಿಕೆ ಗಂಟೆಗೆ 17. 178ರಿಂದ 30ಕ್ಕೆ 148 ಉಳಿದಿದೆ. 17ರಿಂದ ಭಾಗಿಸಿದರೆ 8.7 ಗಂಟೆ, ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಎರಡನೆಯ ಅಳತೆ ಮೊದಲನೆಯದಕ್ಕಿಂತ ಹೆಚ್ಚು ಬಂದರೆ ಅಥವಾ ಅಲ್ಲೇ ನಿಂತಿದ್ದರೆ ಹೊಟ್ಟೆಯಿಂದ ಇನ್ನೂ ರಕ್ತಕ್ಕೆ ಸೇರುತ್ತಿದೆ ಎಂದರ್ಥ. ಆಗ ಈ ಲೆಕ್ಕ ಹಾಕಲೇಬಾರದು, ಮೂರನೆಯ ಸಲ ತೆಗೆಯಬೇಕು.

ಅಪಘಾತದ ಪ್ರಕರಣಗಳಲ್ಲಿ ಇದೇ ಗೆರೆಯನ್ನು ಹಿಂದಕ್ಕೆ ಎಳೆಯುತ್ತಾರೆ. ಹನ್ನೊಂದಕ್ಕೆ ಅಪಘಾತವಾಗಿದೆ, ರಕ್ತ ತೆಗೆದದ್ದು ರಾತ್ರಿ ಎರಡಕ್ಕೆ, ಬಂದದ್ದು 45. ಮೂರು ಗಂಟೆಯಲ್ಲಿ ಇಳಿದಿರಬಹುದಾದದ್ದು 30ರಿಂದ 75. ಅಂದರೆ ಅಪಘಾತದ ಹೊತ್ತಿಗೆ 75ರಿಂದ 120ರ ನಡುವೆ ಇತ್ತು ಎನ್ನಬಹುದು, ಹನ್ನೊಂದರ ಹೊತ್ತಿಗೆ ಹೀರಿಕೆ ಮುಗಿದಿತ್ತು ಎಂಬುದು ಖಚಿತವಿದ್ದರೆ ಮಾತ್ರ. ಹತ್ತೂ ಮುಕ್ಕಾಲಿಗೆ ಗಟಗಟನೆ ಕುಡಿದು ಹೊರಟವನಾಗಿದ್ದರೆ ಹನ್ನೊಂದಕ್ಕೆ ಮಟ್ಟ ಇನ್ನೂ ಏರುತ್ತಿತ್ತು, ಹಿಂದಕ್ಕೆ ಎಳೆದ ಗೆರೆ ಸುಳ್ಳು ಹೇಳುತ್ತದೆ. ಬಂದ ಸಂಖ್ಯೆ 20ಕ್ಕಿಂತ ಕಡಿಮೆಯಿದ್ದರೂ ಹಾಗೆಯೇ. ಆ ಮಟ್ಟದಲ್ಲಿ ಕಿಣ್ವಕ್ಕೆ ಬಿಡುವು ಸಿಕ್ಕಿ ಇಳಿಕೆಯ ವೇಗ ತಗ್ಗಿರುತ್ತದೆ, ನೇರ ಗೆರೆ ಬಾಗಿರುತ್ತದೆ. ಸೊನ್ನೆ ಬಂದರಂತೂ ಅದು ಯಾವಾಗ ಸೊನ್ನೆಯಾಯಿತೆಂದು ತಿಳಿಯುವ ದಾರಿಯೇ ಇಲ್ಲ. ಅಪಘಾತವಾದ ಮೇಲೆ ರಕ್ತದ ಮಾದರಿಯನ್ನು ಆದಷ್ಟು ಬೇಗ ತೆಗೆದು, ತೆಗೆದ ಗಂಟೆ ನಿಮಿಷವನ್ನು ಸೀಸೆಯ ಮೇಲೆ ಬರೆಯಬೇಕೆನ್ನುವುದು ಇದಕ್ಕೇ.