ಚೌಕಳಿ ಬ್ಲೇಜರ್ ಸರಿಪಡಿಸುವುದು: ಭುಜ ಮೊದಲು, ತೋಳು ಕೊನೆಗೆ

ಮುಂಬೈಯ ಆಲ್ಟರೇಷನ್ ಅಂಗಡಿಗೆ ರೆಡಿಮೇಡ್ ಬ್ಲೇಜರ್ ಹಿಡಿದು ಬರುವವರು ಹೆಚ್ಚಾಗಿ ಹೇಳುವುದು ಒಂದೇ ಮಾತು: "ಮಾಸ್ಟರ್, ತೋಳು ಉದ್ದ ಆಗಿದೆ, ಸ್ವಲ್ಪ ಕಮ್ಮಿ ಮಾಡಿಕೊಡಿ." ಅದನ್ನೇ ನಂಬಿ ತೋಳಿಗೆ ಕತ್ತರಿ ಹಾಕಿದರೆ ಆಮೇಲೆ ಸರಿಮಾಡಲು ಬಟ್ಟೆಯೇ ಉಳಿಯುವುದಿಲ್ಲ. ಎಷ್ಟೋ ಸಲ ತೋಳು ಉದ್ದ ಕಾಣುವುದಕ್ಕೆ ಕಾರಣ ಮೇಲೆ, ಭುಜದಲ್ಲಿ ಇರುತ್ತದೆ. ಈ ಟಿಪ್ಪಣಿ ಮುಖ್ಯವಾಗಿ ಅದರ ಬಗ್ಗೆಯೇ. ಅಳತೆಗಳನ್ನು ಇಲ್ಲಿನ ಅಂಗಡಿಗಳ ರೂಢಿಯಂತೆ ಸೂತಿನಲ್ಲಿ ಬರೆದಿದ್ದೇನೆ. 8 ಸೂತಿಗೆ 1 ಇಂಚು.

ಉದಾಹರಣೆಗೆ ಈ ಬ್ಲೇಜರ್ ಇಟ್ಟುಕೊಳ್ಳೋಣ. 2 ಇಂಚಿನ ಚೌಕಳಿ. ಭುಜ ಎರಡೂ ಕಡೆ 4 ಸೂತು ಅಗಲ. ಎಡತೋಳು 6 ಸೂತು ಉದ್ದ, ಬಲತೋಳು 8 ಸೂತು ಉದ್ದ. ಲ್ಯಾಪೆಲ್ ಎದೆಗೆ ಕೂರದೆ ಎದ್ದು ನಿಲ್ಲುತ್ತದೆ. ಗಿರಾಕಿ ಒಳಗೆ ಶರ್ಟ್ ಹಾಕಿಕೊಂಡು, ಸೊಂಟದ ಗುಂಡಿ ಹಾಕಿ, ಕೈ ಇಳಿಬಿಟ್ಟು ನಿಂತಾಗಲೇ ಇದನ್ನೆಲ್ಲ ಅಳೆಯಬೇಕು.

ಬಲತೋಳಿನ 2 ಸೂತು

ಎಡಕ್ಕಿಂತ ಬಲತೋಳು ಉದ್ದ ಕಂಡರೆ ಕೈಯನ್ನು ಅನುಮಾನಿಸುವ ಮೊದಲು ಭುಜ ನೋಡಿ. ಅನೇಕರಿಗೆ ಒಂದು ಭುಜ ಇಳಿದಿರುತ್ತದೆ, ಆ ಕಡೆ ಕತ್ತಿನ ಬುಡದಿಂದ ಕಂಕುಳಿನತ್ತ ಓರೆ ನೆರಿಗೆ ಬೀಳುತ್ತದೆ. ಸಾದಾ ಬಟ್ಟೆಯಾದರೆ ಭುಜದ ಹೊಲಿಗೆ ಬಿಚ್ಚಿ ಹೊರತುದಿಯಲ್ಲಿ ಅಷ್ಟು ಬಟ್ಟೆ ಒಳಗೆ ಹಿಡಿಯಬಹುದು. ಚೌಕಳಿಯಲ್ಲಿ ಹಾಗೆ ಮಾಡಿದರೆ ಮುಂಭಾಗದ ಅಡ್ಡಗೆರೆ ಆರ್ಮ್‌ಹೋಲಿನ ಹತ್ತಿರ ಮೇಲಕ್ಕೆ ಸರಿದು ತೋಳಿನ ಗೆರೆಗೆ ತಪ್ಪುತ್ತದೆ. ಅದಕ್ಕೇ ಬಟ್ಟೆ ಮುಟ್ಟದೆ ಆ ಕಡೆಯ ಪ್ಯಾಡಿನ ಕೆಳಗೆ 2 ಸೂತು ದಪ್ಪದ ವ್ಯಾಡಿಂಗ್ ಸೇರಿಸಿ, ಅಂಚನ್ನು ತೆಳ್ಳಗೆ ಬಿಡಿಸಿ ಹೊಲಿಯುವುದು ಒಳ್ಳೆಯದು. ಭುಜ 2 ಸೂತು ಏರಿದಾಗ ತೋಳೂ ಅಷ್ಟೇ ಏರುತ್ತದೆ. ಈಗ ಎರಡೂ ತೋಳು 6 ಸೂತು ಉದ್ದ.

ಭುಜ ಒಳಗೆ ತಂದರೆ ತೋಳಿಗೆ ಏನಾಗುತ್ತದೆ

ಎಲ್ಲಕ್ಕಿಂತ ಗೊಂದಲ ಹುಟ್ಟಿಸುವುದು ಈ ಹಂತ, ಆದ್ದರಿಂದ ನಿಧಾನವಾಗಿ ನೋಡೋಣ. ಭುಜ 4 ಸೂತು ಅಗಲ ಎಂದರೆ ತೋಳಿನ ಹೊಲಿಗೆ ಭುಜದ ಮೂಳೆಯ ಮೇಲಿಲ್ಲ, ಅದನ್ನು ದಾಟಿ 4 ಸೂತು ಹೊರಗಿದೆ. ತೋಳು ಅಲ್ಲಿಂದ ಇಳಿಯಲು ಶುರುವಾಗುವುದರಿಂದ ತುದಿಯೂ ಅಷ್ಟು ಕೆಳಗೆ ಬಂದಿರುತ್ತದೆ. ಹೊಲಿಗೆಯನ್ನು ಮೂಳೆಯ ಮೇಲೆ ತಂದ ತಕ್ಷಣ ತೋಳಿನ ತುದಿ ಸುಮಾರು 4 ಸೂತು ಮೇಲೇರುತ್ತದೆ. ಮಣಿಕಟ್ಟಿನ ಹತ್ತಿರ ಇನ್ನು ಕಮ್ಮಿ ಮಾಡಬೇಕಾದದ್ದು 6 ಅಲ್ಲ, 2 ಸೂತು ಮಾತ್ರ. ಮೊದಲೇ ಕೆಳಗೆ 6 ಸೂತು ಕತ್ತರಿಸಿ ಆಮೇಲೆ ಭುಜ ಸರಿಮಾಡಿದವರ ತೋಳು ಅರ್ಧ ಇಂಚು ಗಿಡ್ಡವಾಗುತ್ತದೆ.

ಹೊಲಿಗೆ ಬಿಚ್ಚುವ ಮೊದಲು ಎರಡು ಕೆಲಸ ಮಾಡಿಕೊಳ್ಳಬೇಕು. ಮೊದಲನೆಯದು, ತೋಳು ಮತ್ತು ಮುಂಭಾಗ ಸೇರುವಲ್ಲಿ ಅಡ್ಡಗೆರೆಗಳು ಒಂದಕ್ಕೊಂದು ಕೂಡಿರುವ ಜಾಗಕ್ಕೆ ಎರಡೂ ಕಡೆ ದಾರದ ಗುರುತು ಹಾಕುವುದು. ಇದು ಆರ್ಮ್‌ಹೋಲಿನ ಮುಂದಿನ ತಿರುವಿನಲ್ಲಿ, ಕಂಕುಳಿಗಿಂತ ಸ್ವಲ್ಪ ಮೇಲೆ ಬರುತ್ತದೆ. ಹಿಂದಿನ ತಿರುವಿಗೂ ಹಾಗೇ ಗುರುತು ಬೇಕು. ಎರಡನೆಯದು, ತೋಳು ಬಿಚ್ಚುತ್ತ ಹೋದಂತೆ ಆರ್ಮ್‌ಹೋಲಿಗೆ ತೆಳುವಾದ ಕಾಟನ್ ಟೇಪನ್ನು ಕಚ್ಚಾ ಹೊಲಿಗೆಯಲ್ಲಿ ಹಿಡಿಸುವುದು. ಆ ತಿರುವಿನಲ್ಲಿ ಬಟ್ಟೆ ಓರೆಯಾಗಿ ಕತ್ತರಿಸಿರುತ್ತದೆ; ಟೇಪಿಲ್ಲದೆ ಕೈಯಲ್ಲಿ ಹಿಡಿದು ತಿರುಗಿಸಿದರೂ ಸಾಕು, ಎಳೆದುಕೊಂಡು ಚೌಕ ಸೊಟ್ಟಗಾಗುತ್ತದೆ. ಒಮ್ಮೆ ಎಳೆದದ್ದು ಇಸ್ತ್ರಿಗೆ ಪೂರ್ತಿ ವಾಪಸು ಬರುವುದಿಲ್ಲ.

ಈಗ ಭುಜದ ತುದಿಯಲ್ಲಿ 4 ಸೂತು ಒಳಗೆ ಚಾಕಿನಿಂದ ಗುರುತು ಮಾಡಿ, ಅಲ್ಲಿಂದ ಇಳಿಯುತ್ತ ಮುಂದಿನ, ಹಿಂದಿನ ಎರಡೂ ದಾರದ ಗುರುತುಗಳ ಹತ್ತಿರ ಸೊನ್ನೆಗೆ ತನ್ನಿ. ಗುರುತಿನ ಕೆಳಗಿನ ಬಟ್ಟೆ ಕದಲಕೂಡದು. ಗೆರೆಗಳು ಕೂಡಿರುವುದು ಅಲ್ಲೇ, ಎದೆಯ ಅಗಲವೂ ಅಲ್ಲೇ ನಿಂತಿದೆ. ಗುರುತಿನ ಮೇಲಕ್ಕೆ ಗೆರೆ ತಪ್ಪಿದರೆ ಚಿಂತೆಯಿಲ್ಲ: ತೋಳಿನ ತಲೆಯಲ್ಲಿ ಆರ್ಮ್‌ಹೋಲಿಗಿಂತ ಹೆಚ್ಚು ಬಟ್ಟೆ ಇರುವುದರಿಂದ ಅಲ್ಲಿ ಗೆರೆ ಕೂಡಿಸಲು ಯಾರಿಂದಲೂ ಆಗುವುದಿಲ್ಲ. ತೋಳು ಮತ್ತೆ ಕೂಡಿಸುವಾಗ ಮೊದಲ ಪಿನ್ನು ಮುಂದಿನ ಗುರುತಿಗೆ, ಆಮೇಲೆ ಹಿಂದಿನದಕ್ಕೆ, ತಲೆಯ ಬಟ್ಟೆ ಕೊನೆಗೆ.

4 ಸೂತಿಗಿಂತ ಹೆಚ್ಚು ಒಳಗೆ ತರಲು ನಾನು ಒಪ್ಪುವುದಿಲ್ಲ. ಭುಜ ಒಳಗೆ ಹೋದಷ್ಟೂ ತೋಳಿನ ತಲೆ ಹೆಚ್ಚು ಎತ್ತರ ಬೇಕೆನ್ನುತ್ತದೆ, ಆದರೆ ಅದು ಆಗಲೇ ಕತ್ತರಿಸಿದ್ದು. ಅರ್ಧ ಇಂಚಿನವರೆಗೆ ತಲೆಯಲ್ಲಿರುವ ಹೆಚ್ಚುವರಿ ಬಟ್ಟೆ ಸುಧಾರಿಸಿಕೊಳ್ಳುತ್ತದೆ. ಅದನ್ನು ಮೀರಿದರೆ ತೋಳಿನ ಮೇಲ್ಭಾಗದಲ್ಲಿ ಅಡ್ಡ ಎಳೆತ ಕಾಣಿಸುತ್ತದೆ, ಕೈ ಎತ್ತಿದಾಗ ಇಡೀ ಕೋಟು ಜೊತೆಗೆ ಏಳುತ್ತದೆ. ಅಂಥ ಬ್ಲೇಜರಿಗೆ ಚಿಕ್ಕ ಸೈಜೇ ಬೇಕೆಂದು ಗಿರಾಕಿಗೆ ಹೇಳಿಬಿಡುವುದು ವಾಸಿ.

ಲ್ಯಾಪೆಲ್

ಗುಂಡಿಯ ಸುತ್ತ ಗುಣಿಸು ಚಿಹ್ನೆಯಂತೆ ಎಳೆತ ಬಿದ್ದಿದ್ದರೆ ದೋಷ ಲ್ಯಾಪೆಲಿನದಲ್ಲ. ಮೈ ಬಿಗಿ, ಪಕ್ಕದ ಹೊಲಿಗೆ ಬಿಚ್ಚಿ ಬಿಡಬೇಕು. ಎಳೆತವಿಲ್ಲದೆ ಎದ್ದು ನಿಂತಿದ್ದರೆ ಮಡಿಕೆಗೆರೆ ಎಳೆದುಕೊಂಡು ಉದ್ದವಾಗಿದೆ ಎಂದರ್ಥ. ಫೇಸಿಂಗ್ ಮತ್ತು ಲೈನಿಂಗ್ ಸೇರುವ ಹೊಲಿಗೆಯನ್ನು ಒಳಗಿನಿಂದ ಬಿಚ್ಚಿ, ಮಡಿಕೆಗೆರೆಯಿಂದ 3 ಸೂತು ಎದೆಯ ಕಡೆಗೆ ಟೇಪ್ ಇಟ್ಟು, ನಡುವಿನ ಮೂರನೇ ಒಂದು ಭಾಗದಲ್ಲಿ ಮಾತ್ರ 2 ಸೂತು ಬಿಗಿಯಾಗಿ ಹಿಡಿದು ಕೈಯಿಂದ ಹೊಲಿಯಬೇಕು. ಹೊಲಿಗೆ ಹೊರಗಿನ ಬಟ್ಟೆಗೆ ಕಾಣಬಾರದು.

ಲ್ಯಾಪೆಲಿನ ಅಗಲ ಕಮ್ಮಿ ಮಾಡಿ ಎಂದರೆ ಚೌಕಳಿಯಲ್ಲಿ ಬೇಡವೆನ್ನಿ. ಒಳ್ಳೆಯ ಬ್ಲೇಜರಿನಲ್ಲಿ ಒಂದು ಪಟ್ಟೆ ಅಂಚಿನ ಉದ್ದಕ್ಕೂ ನೇರ ಹೋಗುವಂತೆ ಕತ್ತರಿಸಿರುತ್ತಾರೆ. ಓರೆಯಾಗಿ ಕತ್ತರಿಸಿದರೆ ಆ ಪಟ್ಟೆ ಅರ್ಧ ದಾರಿಯಲ್ಲಿ ಕಾಣೆಯಾಗುತ್ತದೆ.

ಇಸ್ತ್ರಿಯನ್ನು ತಳ್ಳದೆ, ಒದ್ದೆ ಬಟ್ಟೆಯ ಮೇಲೆ ಇಟ್ಟು ಎತ್ತಿ. ರೆಡಿಮೇಡ್ ಬ್ಲೇಜರುಗಳ ಮುಂಭಾಗದ ಕ್ಯಾನ್ವಾಸ್ ಹೆಚ್ಚಾಗಿ ಅಂಟಿಸಿದ್ದು. ಬಟ್ಟೆ ಎಳೆದು ಹಿಡಿದು ಹಬೆ ಕೊಟ್ಟರೆ ಸೊಟ್ಟಗಾದದ್ದು ಹಾಗೇ ಅಂಟಿ ಕೂರುತ್ತದೆ, ಇಲ್ಲವೇ ಅಂಟು ಬಿಟ್ಟು ಗುಳ್ಳೆ ಏಳುತ್ತದೆ. ಗುಂಡಿಯ ಮೇಲಿನ 2 ಇಂಚು ಮಡಿಕೆಗೆ ಇಸ್ತ್ರಿ ಮುಟ್ಟಿಸಬೇಡಿ, ಅದು ತಾನೇ ಹೊರಳಲಿ.

ಉಳಿದ 2 ಸೂತು

ತೋಳನ್ನು ಕಚ್ಚಾ ಹೊಲಿಗೆಯಲ್ಲಿ ಕೂಡಿಸಿ, ಗಿರಾಕಿಗೆ ಮತ್ತೆ ತೊಡಿಸಿ, ಮಣಿಕಟ್ಟಿನ ಮೂಳೆಗೆ ಬರುವ ಹಾಗೆ, ಶರ್ಟಿನ ಕಫ್ ಸುಮಾರು ಅರ್ಧ ಇಂಚು ಕಾಣುವ ಹಾಗೆ ಗುರುತು ಮಾಡಿ. ಲೆಕ್ಕದ ಪ್ರಕಾರ 2 ಸೂತು ಬರಬೇಕು, ಆದರೂ ಮೈಮೇಲಿನ ಅಳತೆಯೇ ಕೊನೆಯ ಮಾತು.

ಕಫಿನ ಗುಂಡಿಗೆ ನಿಜವಾದ ಕಾಜ ಇದ್ದರೆ ಮೇಲಿನಿಂದ ಕಮ್ಮಿ ಮಾಡು ಎನ್ನುವವರಿದ್ದಾರೆ. ಸಾದಾ ಬಟ್ಟೆಗೆ ಸರಿ. ಚೌಕಳಿಯಲ್ಲಿ ಮೇಲಿನಿಂದ ತೆಗೆದಷ್ಟೂ ತೋಳಿನ ಗೆರೆಗಳು ಎದೆಯ ಗೆರೆಗಳಿಗಿಂತ ಮೇಲೇರುತ್ತವೆ, ಇಡೀ ಒಂದು ಚೌಕ, ಅಂದರೆ 16 ಸೂತು ತೆಗೆದರಷ್ಟೇ ಮತ್ತೆ ಕೂಡುತ್ತವೆ. ಅಷ್ಟು ತೆಗೆದರೆ ತೋಳಿನ ಆಕಾರವೇ ಕೆಡುತ್ತದೆ. ಆದ್ದರಿಂದ ಕೆಳಗಿನಿಂದಲೇ ತೆಗೆಯಬೇಕು. ಕೊನೆಯ ಗುಂಡಿ ಅಂಚಿನಿಂದ 12 ಸೂತು ಮೇಲಿದ್ದದ್ದು ಈಗ 10 ಸೂತು ಆಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಭುಜ ಸರಿಮಾಡದೆ 6 ಸೂತು ತೆಗೆದಿದ್ದರೆ ಗುಂಡಿ ಅಂಚಿನ ತೀರ ಹತ್ತಿರ, 6 ಸೂತಿಗೆ ಬಂದು ಕೂರುತ್ತಿತ್ತು.

ಎರಡೂ ತೋಳಿನ ಅಂಚು ಚೌಕದ ಒಂದೇ ಗೆರೆಯ ಹತ್ತಿರ ಮುಗಿಯಲಿ. ಕೈಗಳ ಉದ್ದದಲ್ಲಿ 1 ಸೂತು ವ್ಯತ್ಯಾಸವಿದ್ದರೆ ಬಿಟ್ಟುಬಿಡಿ, ಗೆರೆ ತಪ್ಪಿದ್ದು ಅದಕ್ಕಿಂತ ಬೇಗ ಕಾಣುತ್ತದೆ. ಲೈನಿಂಗನ್ನೂ 2 ಸೂತು ಕಮ್ಮಿ ಮಾಡಿ, ಆದರೆ ತುದಿಯಲ್ಲಿರುವ ಅದರ ಸಡಿಲ ಮಡಿಕೆಯನ್ನು ಉಳಿಸಿ. ಅದು ಹೋದರೆ ಕೈ ಮಡಿಸಿದಾಗಲೆಲ್ಲ ಕಫ್ ಒಳಕ್ಕೆ ಸೆಳೆಯುತ್ತದೆ.