ಓರಿಯಂಟೀರಿಂಗ್: ಮೈ ತಿರುಗಿದರೂ ನಕ್ಷೆ ತಿರುಗಬಾರದು

ಓರಿಯಂಟೀರಿಂಗ್ ಅಂದರೆ ನಕ್ಷೆ ಹಿಡಿದು ಓಡುವ ಆಟ. ನಕ್ಷೆಯಲ್ಲಿ ಕೆಲವು ಜಾಗಗಳಿಗೆ ಸುತ್ತು ಹಾಕಿರುತ್ತಾರೆ. ಆಟಗಾರರು ಆ ಜಾಗಗಳನ್ನು ಹುಡುಕಿ, ಅಲ್ಲಿರುವ ಗುರುತನ್ನು ಬರೆದುಕೊಂಡು ಬರಬೇಕು. ಯಾವ ದಾರಿ ಹಿಡಿಯಬೇಕು ಅನ್ನುವುದು ಅವರಿಗೇ ಬಿಟ್ಟದ್ದು.

ಪದದ ಬೇರು ಲ್ಯಾಟಿನ್‌ನ 'ಓರಿಯೆನ್ಸ್'. ಮೂಡುವುದು ಅಂತ ಅದರ ಅರ್ಥ. ಸೂರ್ಯ ಮೂಡುವ ದಿಕ್ಕನ್ನು ನಾವು ಮೂಡಣ ಅನ್ನುವುದಿಲ್ವಾ, ಹಾಗೆಯೇ. ಮೊದಲು ದಿಕ್ಕು ಗೊತ್ತುಮಾಡಿಕೊಳ್ಳುವುದು, ಆಮೇಲೆ ನಕ್ಷೆಯನ್ನು ಆ ದಿಕ್ಕಿಗೆ ಹೊಂದಿಸುವುದು ಅನ್ನುವ ಅರ್ಥ ಇಲ್ಲಿಂದ ಬಂತು. ಸ್ವೀಡನ್ನಿನ ಸೈನಿಕ ತರಬೇತಿಯಲ್ಲಿ 1886ರ ಹೊತ್ತಿಗೆ ಈ ಪದ ಬಳಕೆಯಲ್ಲಿತ್ತು. ಸಾರ್ವಜನಿಕರಿಗಾಗಿ ಮೊದಲ ಸ್ಪರ್ಧೆ ನಡೆದದ್ದು 1897ರಲ್ಲಿ, ನಾರ್ವೆಯಲ್ಲಿ. ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1961ರಲ್ಲಿ. ಇತಿಹಾಸ ಇಷ್ಟು ಸಾಕು.

ಶಾಲೆಯ ಆವರಣದಲ್ಲಿ ಇದನ್ನು ಕಲಿಸಲು ಹೊರಟವರು ಸಾಮಾನ್ಯವಾಗಿ ಚಿಹ್ನೆಗಳಿಂದ ಶುರು ಮಾಡುತ್ತಾರೆ. ಅದೇನೂ ಕಷ್ಟವಲ್ಲ. ಬೂದು ಬಣ್ಣ ಕಟ್ಟಡ, ಹಳದಿ ಬಯಲು, ಹಸಿರು ಸುತ್ತು ಮರ, ನೀಲಿ ನೀರು, ದಪ್ಪ ಕಪ್ಪು ಗೆರೆ ದಾಟಬಾರದ ಗೋಡೆ. ಹೊರಡುವ ಜಾಗ ನೇರಳೆ ತ್ರಿಕೋನ, ಹುಡುಕಬೇಕಾದ ಜಾಗ ನೇರಳೆ ಸುತ್ತು, ಮುಗಿಯುವ ಜಾಗ ಎರಡು ಸುತ್ತು. ಮಕ್ಕಳು ಹತ್ತು ನಿಮಿಷದಲ್ಲಿ ಕಲಿತುಬಿಡುತ್ತಾರೆ. ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು: ಗುರುತು ಇರುವುದು ಸುತ್ತಿನ ಒಳಗೆ ಎಲ್ಲೋ ಅಲ್ಲ, ಸರಿಯಾಗಿ ನಡುವೆ.

ಕಷ್ಟ ಇರುವುದು ಪದದ ಮೂಲ ಅರ್ಥದಲ್ಲೇ. ನಕ್ಷೆಯ ಉತ್ತರ ಯಾವಾಗಲೂ ನೆಲದ ಉತ್ತರದ ಕಡೆಗೇ ಇರಬೇಕು. ನಾವು ಎಡಕ್ಕೆ ತಿರುಗಲಿ, ಹಿಂದಕ್ಕೆ ತಿರುಗಲಿ, ನಕ್ಷೆ ಜಾಗ ಬಿಟ್ಟು ಕದಲಬಾರದು. ಆದರೆ ಮಕ್ಕಳು ನಕ್ಷೆಯನ್ನು ಪುಸ್ತಕದ ಹಾಗೆ ಎದೆಗೆ ನೇರವಾಗಿ ಹಿಡಿಯುತ್ತಾರೆ. ಮೈ ತಿರುಗಿದರೆ ನಕ್ಷೆಯೂ ಜೊತೆಗೇ ತಿರುಗುತ್ತದೆ. ಅಲ್ಲಿಗೆ ಎಡ ಬಲವಾಗುತ್ತದೆ.

ಇದಕ್ಕೆ ಅರ್ಧ ಕಾರಣ ನಾವೇ. ನಕ್ಷೆಯ ಮೇಲೆ 'ಗ್ರಂಥಾಲಯ', 'ಆಟದ ಮೈದಾನ' ಅಂತ ಅಕ್ಷರ ಬರೆದುಕೊಡುತ್ತೇವೆ. ಅಕ್ಷರ ಕಂಡರೆ ಮಗು ಅದನ್ನು ನೆಟ್ಟಗೆ ಓದಲು ನೋಡುತ್ತದೆ, ನಕ್ಷೆಯನ್ನು ತಲೆಕೆಳಗೆ ಹಿಡಿಯಲು ಮನಸ್ಸು ಬರುವುದಿಲ್ಲ. ನಾನು ಮೊದಲ ಸಲ ಮಾಡಿದ ನಕ್ಷೆಯಲ್ಲಿ ಚೆಂದದ ಶೀರ್ಷಿಕೆಯೂ ಇತ್ತು. ಅರ್ಧ ತರಗತಿ ದಾರಿ ತಪ್ಪಿತು. ಈಗ ಅಕ್ಷರವೆಲ್ಲ ಹಾಳೆಯ ಹಿಂಬದಿಗೆ. ಮುಂಬದಿಯಲ್ಲಿ ಬರೀ ಚಿಹ್ನೆ, ಸುತ್ತುಗಳ ಸಂಖ್ಯೆ ಮತ್ತು ಉತ್ತರದ ಬಾಣ.

ನಕ್ಷೆಯ ಪ್ರಮಾಣ 1:1000 ಇದ್ದರೆ ಒಳ್ಳೆಯದು. ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 10 ಮೀಟರ್, ಲೆಕ್ಕ ಸುಲಭ. ಎ4 ಹಾಳೆಯಲ್ಲಿ ಸುಮಾರು 200 ಮೀಟರ್‌ಗೆ 290 ಮೀಟರ್ ಆವರಣ ಹಿಡಿಯುತ್ತದೆ. ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದು ನಕ್ಷೆ ಮಾಡಬಹುದು. ಆದರೆ ಅದರಲ್ಲಿ ಎತ್ತರದ ಕಟ್ಟಡದ ಚಾವಣಿ ಒಂದು ಬದಿಗೆ ವಾಲಿದಂತೆ ಕಾಣುತ್ತದೆ. ಚಾವಣಿಯ ಅಂಚನ್ನೇ ಗೋಡೆ ಅಂದುಕೊಂಡರೆ ಕೆಲವು ಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಹಾಗಾಗಿ ಒಂದು ಸಲ ಸುತ್ತಾಡಿ ಹೆಜ್ಜೆ ಎಣಿಸಿ ನೋಡಿಕೊಳ್ಳಿ.

ಇನ್ನು ಆಟ. ಎಂಟು ಜಾಗಗಳನ್ನು ಸಾಲಾಗಿ ಸುತ್ತಿಸಿದರೆ ಎಲ್ಲರೂ ಮುಂದಿನ ತಂಡದ ಬೆನ್ನು ಹಿಡಿದು ಓಡುತ್ತಾರೆ, ನಕ್ಷೆ ನೋಡುವವರೇ ಇರುವುದಿಲ್ಲ. ಅದಕ್ಕೆ ನಕ್ಷತ್ರದ ಆಕಾರದ ಆಟ ಒಳ್ಳೆಯದು. ನಡುವಿನ ಧ್ವಜಸ್ತಂಭದ ಬಳಿ ಶಿಕ್ಷಕರು ನಿಲ್ಲುತ್ತಾರೆ. ಪ್ರತಿ ತಂಡ ಒಂದು ಜಾಗಕ್ಕೆ ಹೋಗಿ, ಅಲ್ಲಿನ ಸಂಖ್ಯೆ ಬರೆದುಕೊಂಡು, ವಾಪಸ್ ಬಂದು ತೋರಿಸಿ, ಮುಂದಿನ ಜಾಗಕ್ಕೆ ಹೊರಡಬೇಕು. 24 ಮಕ್ಕಳಿದ್ದರೆ ಮೂವರ ಎಂಟು ತಂಡ. ಮೊದಲ ತಂಡ ಒಂದನೇ ಸುತ್ತಿನಿಂದ, ಎರಡನೆಯದು ಎರಡನೇ ಸುತ್ತಿನಿಂದ, ಹೀಗೆ ಬೇರೆಬೇರೆ ಕಡೆಗೆ ಹೊರಡುತ್ತವೆ. ಜಾಗಗಳು ನಡುವಿನಿಂದ 40ರಿಂದ 80 ಮೀಟರ್ ದೂರದಲ್ಲಿದ್ದರೆ ಒಂದು ಹೋಗಿಬರುವಿಕೆಗೆ ಎರಡು ಮೂರು ನಿಮಿಷ ಸಾಕು.

ಜಾಗದಲ್ಲಿ ಕಟ್ಟುವ ಸಂಖ್ಯೆ 31ರಿಂದ ಮೇಲಿರಲಿ. ಸ್ಪರ್ಧೆಗಳಲ್ಲೂ ಹೀಗೇ ಮಾಡುತ್ತಾರೆ. ಇಲ್ಲದಿದ್ದರೆ ಸುತ್ತಿನ ಕ್ರಮಸಂಖ್ಯೆಗೂ ಇದಕ್ಕೂ ಗೊಂದಲವಾಗುತ್ತದೆ. ಈ ಸಂಖ್ಯೆ ನಕ್ಷೆಯಲ್ಲಿ ಇರಬಾರದು, ಶಿಕ್ಷಕರ ಚೀಟಿಯಲ್ಲಿ ಮಾತ್ರ ಇರಬೇಕು.

ಇಲ್ಲೊಂದು ಉಪಾಯ ಇದೆ, ನನಗೆ ತುಂಬ ಇಷ್ಟವಾದದ್ದು. ಜಾಗಗಳನ್ನು ಎದುರುಬದುರು ಜೋಡಿಗಳಾಗಿ ಆರಿಸಿ. ಧ್ವಜಸ್ತಂಭದ ಈಶಾನ್ಯಕ್ಕೆ 60 ಮೀಟರ್ ದೂರದಲ್ಲಿ ಒಂದು ಮರ ಇದ್ದರೆ, ನೈಋತ್ಯಕ್ಕೆ ಸುಮಾರು ಅಷ್ಟೇ ದೂರದ ಇನ್ನೊಂದು ಮರ. ಒಂದಕ್ಕೆ 34 ಕಟ್ಟಿ, ಇನ್ನೊಂದಕ್ಕೆ 41. 34ರ ಹತ್ತಿರದಲ್ಲೇ ಇರುವ ಬೇರೆ ಮರಕ್ಕೆ ಸುಮ್ನೆ ಒಂದು ಸುಳ್ಳು ಸಂಖ್ಯೆ, 52 ಅಂತಿರಲಿ.

ಈಗ ಒಂದು ತಂಡಕ್ಕೆ 34 ಬೇಕಿತ್ತು, 52 ತಂದರು ಅಂದುಕೊಳ್ಳಿ. ದಿಕ್ಕು ಸರಿ ಇದೆ. ದೂರ ತಪ್ಪಿದ್ದಾರೆ, ಇಲ್ಲವೇ ಸುತ್ತಿನ ನಡುವನ್ನು ನೋಡಿಲ್ಲ. ಅದೇ ತಂಡ 41 ತಂದರೆ ಕತೆ ಬೇರೆ. ದೂರವೂ ಸರಿ, ಚಿಹ್ನೆಯೂ ಸರಿ, ನಕ್ಷೆ ಮಾತ್ರ ತಲೆಕೆಳಗಾಗಿತ್ತು. ಕೇಳಬೇಕಾದ ಪ್ರಶ್ನೆ ಒಂದೇ: "ಇದಕ್ಕೂ ಮೊದಲು ಎಲ್ಲಿಗೆ ಹೋಗಿದ್ರಿ?"

ಒಂದು ತಂಡ "ದಕ್ಷಿಣದ ಗೋಡೆಗೆ, ಸಾರ್" ಅಂದಿತು. ಹೋಗುವಾಗ ಅವರ ಮುಖ ದಕ್ಷಿಣಕ್ಕಿತ್ತು, ನಕ್ಷೆಯ ದಕ್ಷಿಣವೂ ಮುಂದಕ್ಕಿತ್ತು. ಎಲ್ಲ ಸರಿ. ವಾಪಸ್ ಬರುವಾಗ ಮೈ ಉತ್ತರಕ್ಕೆ ತಿರುಗಿತು. ಕೈಯಲ್ಲಿದ್ದ ನಕ್ಷೆ ಮೈ ಜೊತೆಗೇ ತಿರುಗಿ, ಅದರ ದಕ್ಷಿಣ ಈಗ ಉತ್ತರ ನೋಡುತ್ತಿತ್ತು. ಬಂದ ದಾರಿ ಗೊತ್ತಿದ್ದರಿಂದ ವಾಪಸ್ ಬರಲು ತೊಂದರೆಯಾಗಲಿಲ್ಲ. ಧ್ವಜಸ್ತಂಭದ ಬಳಿ ನಿಂತು ಮುಂದಿನ ಸುತ್ತು ನೋಡಿದರು, ನೇರ ಎದುರು ದಿಕ್ಕಿಗೆ ಓಡಿದರು. ಹೋಗಿಬರುವ ಆಟದಲ್ಲಿ ಈ ತಪ್ಪು ಜಾಸ್ತಿ ಆಗುವುದು ಇದಕ್ಕೇ. ಕಲಿಸುವವರಿಗೆ ಅದೇ ಲಾಭ, ಬೇರೆ ಕಡೆ ಕಾಣದ ತಪ್ಪು ಇಲ್ಲಿ ಸಂಖ್ಯೆಯಾಗಿ ಕೈಗೆ ಸಿಗುತ್ತದೆ.

ತಿದ್ದುವುದು ಹೇಗೆ? ಭಾಷಣ ಬೇಡ. ನಕ್ಷೆಯನ್ನು ನೆಲದ ಮೇಲಿಡಿ. ಅದರಲ್ಲಿನ ದೊಡ್ಡ ಕಟ್ಟಡ ನಿಜವಾದ ಕಟ್ಟಡದ ಕಡೆಗೆ ಇರುವಂತೆ ಹೊಂದಿಸಿಕೊಳ್ಳಲಿ. ಆಮೇಲೆ ಮೂವರೂ ನಕ್ಷೆಯನ್ನು ಮುಟ್ಟದೆ ಅದರ ಸುತ್ತ ನಡೆಯಲಿ. ಹೋಗಬೇಕಾದ ಸುತ್ತು ತಮ್ಮ ಮುಂದಕ್ಕೆ ಬಂದಾಗ ನಿಂತು, ನಕ್ಷೆಯನ್ನು ಹಾಗೆಯೇ ನೇರವಾಗಿ ಮೇಲಕ್ಕೆತ್ತಲಿ. ನಾವಿರುವ ಜಾಗದ ಮೇಲೆ ಹೆಬ್ಬೆರಳು ಇರಲಿ. ದಿಕ್ಸೂಚಿ ಈಗಲೇ ಬೇಡ. ಕಬ್ಬಿಣದ ಗೇಟು, ಕಂಬಗಳ ಹತ್ತಿರ ಮುಳ್ಳು ಆಚೀಚೆ ಎಳೆಯುತ್ತದೆ, ಮಕ್ಕಳು ಕಟ್ಟಡ ನೋಡುವುದನ್ನು ಬಿಟ್ಟು ಮುಳ್ಳನ್ನೇ ನಂಬುತ್ತಾರೆ.

ತಂಡದ ಒಳಗಿನ ಮಾತೂ ಒಂದಿದೆ. ಮೂವರಲ್ಲಿ ಚುರುಕಾದವರೇ ಪ್ರತಿ ಸಲ ನಕ್ಷೆ ಹಿಡಿದರೆ ಉಳಿದಿಬ್ಬರು ಬರೀ ಓಡುತ್ತಾರೆ. ಆದ್ದರಿಂದ ಧ್ವಜಸ್ತಂಭಕ್ಕೆ ಬಂದಾಗಲೆಲ್ಲ ನಕ್ಷೆ ಕೈ ಬದಲಾಗಬೇಕು. ಗುರುತಿನ ಬಳಿ ಮೂವರೂ ಮುಟ್ಟಬೇಕು. ಇದರಿಂದ ಇನ್ನೊಂದೂ ತಿಳಿಯುತ್ತದೆ. ಎದುರು ಸಂಖ್ಯೆ ಬಂದದ್ದು ಯಾರ ಕೈಯಲ್ಲಿ ನಕ್ಷೆ ಇದ್ದಾಗ ಅಂತ ಚೀಟಿಯಲ್ಲಿ ಗುರುತು ಹಾಕಿಕೊಂಡರೆ, ಮುಂದಿನ ತರಗತಿಯಲ್ಲಿ ಯಾರ ಪಕ್ಕ ನಿಲ್ಲಬೇಕು ಅಂತ ಗೊತ್ತಾಗುತ್ತದೆ. ಎಂಟೂ ತಂಡಗಳಲ್ಲಿ ಎದುರು ಸಂಖ್ಯೆ ಬರುವುದು ನಿಂತ ಮೇಲೆ, ಜಾಗಗಳನ್ನು ಸಾಲಾಗಿ ಸುತ್ತುವ ಆಟಕ್ಕೆ ಹೋಗಬಹುದು.