ಫೋನ್ ನಂಬರಿನ ಕಾಲಂ ಎನ್‌ಕ್ರಿಪ್ಟ್ ಮಾಡಿದೆ, ಈಗ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಕ್ಲಿನಿಕ್ ತಂತ್ರಾಂಶದಲ್ಲಿ ರೋಗಿಗಳ ಮೊಬೈಲ್ ನಂಬರನ್ನು ಎನ್‌ಕ್ರಿಪ್ಟ್ ಮಾಡಿ ಪೋಸ್ಟ್‌ಗ್ರೆಸ್‌ನಲ್ಲಿ ಇಡಲು ಶುರು ಮಾಡಿದ್ದೇವೆ. ಈಗ ನಂಬರ್ ಕೊಟ್ಟು ಹುಡುಕಿದರೆ ಯಾರೂ ಸಿಗುವುದಿಲ್ಲ. ಪಕ್ಕದಲ್ಲೊಂದು ಎಸ್‌ಎಚ್‌ಎ-256 ಹ್ಯಾಷ್ ಕಾಲಂ ಇಟ್ಟು ಅದಕ್ಕೆ ಇಂಡೆಕ್ಸ್ ಹಾಕಿದರೆ ಸಾಕಲ್ಲವೇ? ಹ್ಯಾಷ್‌ನಿಂದ ಮೂಲ ನಂಬರ್ ತೆಗೆಯಲು ಆಗುವುದಿಲ್ಲವಲ್ಲ?

ಸಾಲದು. ಈ ಉತ್ತರವನ್ನು ಎಷ್ಟು ಬಾರಿ ಬರೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಬಾರಿಯೂ ಪ್ರಶ್ನೆಯ ಕೊನೆಯ ವಾಕ್ಯ ಇದೇ ಆಗಿರುತ್ತದೆ. ಆದ್ದರಿಂದ ಈ ಸಲ ಕೂತು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು, ಹುಡುಕಾಟ ಏಕೆ ನಿಂತಿತು ಎಂಬುದು. ಎನ್‌ಕ್ರಿಪ್ಟ್ ಮಾಡಲು ಸಾಮಾನ್ಯವಾಗಿ ಬಳಸುವ ಎಇಎಸ್-ಜಿಸಿಎಂ ವಿಧಾನದಲ್ಲಿ ಪ್ರತಿ ಸಲ ಎನ್‌ಕ್ರಿಪ್ಟ್ ಮಾಡುವಾಗಲೂ 12 ಬೈಟ್‌ಗಳ ಹೊಸ ನಾನ್ಸ್, ಅಂದರೆ ಒಮ್ಮೆ ಮಾತ್ರ ಬಳಸುವ ಮೌಲ್ಯ, ಸೇರುತ್ತದೆ. ಅದರಿಂದಾಗಿ ಒಂದೇ ನಂಬರನ್ನು ಎರಡು ಸಲ ಎನ್‌ಕ್ರಿಪ್ಟ್ ಮಾಡಿದರೆ ಎರಡು ಬೇರೆ ಬೇರೆ ಫಲಿತಾಂಶ ಬರುತ್ತದೆ. ಇಂಡೆಕ್ಸ್ ಕೆಲಸ ಮಾಡುವುದು ಸಮಾನತೆ ಮತ್ತು ಕ್ರಮದ ಮೇಲೆ; ಇಲ್ಲಿ ಎರಡೂ ಅಳಿಸಿಹೋಗಿವೆ. ಉಳಿಯುವುದು 10 ಲಕ್ಷ ಸಾಲುಗಳನ್ನೂ ಓದಿ, ಒಂದೊಂದನ್ನೇ ಬಿಚ್ಚಿ ನೋಡುವ ದಾರಿ. ಕೌಂಟರಿನಲ್ಲಿ ಸಾಲು ನಿಂತಿರುವಾಗ ಅದು ಆಗದ ಮಾತು. ಹಾಗಾಗಿ ಪಕ್ಕದ ಕಾಲಂ ಬೇಕು ಎಂಬ ನಿಮ್ಮ ಯೋಚನೆ ಸರಿಯಾಗಿಯೇ ಇದೆ. ತಪ್ಪಿರುವುದು ಅದರಲ್ಲಿ ಏನು ಇಡುತ್ತೀರಿ ಎಂಬುದರಲ್ಲಿ.

ಹ್ಯಾಷ್ ಅನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ ಎನ್ನುವುದು ನಿಜ. ಆದರೆ ಡೇಟಾಬೇಸ್ ಕದ್ದ ಕಳ್ಳ ಅದನ್ನು ತಿರುಗಿಸಲು ಹೋಗುವುದೇ ಇಲ್ಲ. ನಮ್ಮ ದೇಶದ ಮೊಬೈಲ್ ನಂಬರಿನಲ್ಲಿ 10 ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಅಂದರೆ ಇರಬಹುದಾದ ನಂಬರುಗಳು ಒಟ್ಟು 400 ಕೋಟಿ ಮಾತ್ರ. ಅವನು 6000000000ದಿಂದ ಆರಂಭಿಸಿ ಎಲ್ಲ ನಂಬರುಗಳಿಗೂ ಹ್ಯಾಷ್ ಹಾಕುತ್ತಾ, ನಿಮ್ಮ ಕಾಲಂನಲ್ಲಿ ಇರುವುದಕ್ಕೆ ಹೋಲಿಸುತ್ತಾ ಹೋಗುತ್ತಾನೆ. ಸಾಧಾರಣ ಲ್ಯಾಪ್‌ಟಾಪ್ ಸೆಕೆಂಡಿಗೆ 1 ಕೋಟಿ ಹ್ಯಾಷ್ ಹಾಕುತ್ತದೆ ಎಂದು ಇಟ್ಟುಕೊಂಡರೂ 400 ಸೆಕೆಂಡು, ಏಳು ನಿಮಿಷ ಕೂಡ ಬೇಡ. ಒಳ್ಳೆಯ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸೆಕೆಂಡಿಗೆ ನೂರಾರು ಕೋಟಿ ಹ್ಯಾಷ್‌ಗಳು. ಕೆಲವೇ ಸೆಕೆಂಡುಗಳಲ್ಲಿ ನಿಮ್ಮ ಎಲ್ಲ ರೋಗಿಗಳ ನಂಬರೂ ಅವನ ಕೈಯಲ್ಲಿ. ಪಕ್ಕದ ಕಾಲಂನಲ್ಲಿರುವ ಎಇಎಸ್ ಅನ್ನು ಅವನು ಮುಟ್ಟಲೇ ಇಲ್ಲ.

ಆಧಾರ್ ಸಂಖ್ಯೆಯದೂ ಇದೇ ಕಥೆ. 12 ಅಂಕಿ, ಮೊದಲನೆಯದು 0 ಅಥವಾ 1 ಆಗುವುದಿಲ್ಲ, ಕೊನೆಯದು ತಾಳೆ ನೋಡುವ ಅಂಕಿ. ಉಳಿಯುವುದು 8,000 ಕೋಟಿ ಸಾಧ್ಯತೆಗಳು. ಅದೂ ಬಹಳ ಹೊತ್ತಿನ ಕೆಲಸವಲ್ಲ.

ಇಲ್ಲಿಗೆ ಬಂದಾಗ "ಸಾಲ್ಟ್ ಸೇರಿಸಿದರೆ?" ಎಂಬ ಮಾತು ಬರುತ್ತದೆ. ಸಾಲ್ಟ್ ಎಂದರೆ ಹ್ಯಾಷ್ ಹಾಕುವ ಮುಂಚೆ ನಂಬರಿಗೆ ಬೆರೆಸುವ ಹೆಚ್ಚುವರಿ ಬೈಟ್‌ಗಳು. ಪ್ರತಿ ಸಾಲಿಗೂ ಬೇರೆ ಸಾಲ್ಟ್ ಇಟ್ಟರೆ ಹುಡುಕಾಟ ಮತ್ತೆ ಸತ್ತಿತು, ಏಕೆಂದರೆ ಕೌಂಟರಿನಲ್ಲಿ ಕೊಟ್ಟ ನಂಬರಿಗೆ ಯಾವ ಸಾಲ್ಟ್ ಸೇರಿಸಬೇಕೆಂದು ಮೊದಲೇ ತಿಳಿಯದು. ಎಲ್ಲಕ್ಕೂ ಒಂದೇ ಸಾಲ್ಟ್ ಇಟ್ಟು, ಅದನ್ನೂ ಡೇಟಾಬೇಸ್‌ನಲ್ಲೇ ಬರೆದಿಟ್ಟರೆ ಕಳ್ಳನಿಗೆ ಅದೂ ಸಿಕ್ಕಿತು. ಅದನ್ನು ಹೊರಗೆ ಗುಟ್ಟಾಗಿ ಇಡುತ್ತೀರಾದರೆ ಅದು ಸಾಲ್ಟ್ ಅಲ್ಲ, ಕೀಲಿ. ಕೀಲಿ ಎಂದು ಒಪ್ಪಿಕೊಂಡ ಮೇಲೆ ಕೀಲಿಗೆಂದೇ ಮಾಡಿದ ಉಪಕರಣವನ್ನು ಬಳಸಿ: ಕೀಲಿ ಸೇರಿಸಿ ಹ್ಯಾಷ್ ಹಾಕುವ ಎಚ್‌ಮ್ಯಾಕ್. ಹೀಗೆ ಮಾಡಿದ ಕಾಲಂಗೆ ಬ್ಲೈಂಡ್ ಇಂಡೆಕ್ಸ್ ಎಂದು ಹೆಸರು.

```python
msg = b"patients.phone|" + phone.encode()
bidx = hmac.new(index_key, msg, hashlib.sha256).digest()
```

```sql
SELECT id, phone_enc FROM patients WHERE phone_bidx = $1;
```

ಇದರಲ್ಲಿ ಮೂರು ವಿಷಯ ಗಮನಿಸಿ. `index_key` ಎನ್ನುವುದು ಎನ್‌ಕ್ರಿಪ್ಟ್ ಮಾಡುವ ಕೀಲಿಗಿಂತ ಬೇರೆಯದು, ಮತ್ತು ಅದು ಡೇಟಾಬೇಸ್ ಇರುವ ಯಂತ್ರದಲ್ಲಿ ಇರಬಾರದು. ಈ ಲೆಕ್ಕವನ್ನು ಅಪ್ಲಿಕೇಶನ್‌ನಲ್ಲೇ ಮಾಡಿ. ಎಸ್‌ಕ್ಯೂಎಲ್ ಒಳಗೆ `pgcrypto` ಕರೆದು ಮಾಡಿದರೆ ಕೀಲಿ ಡೇಟಾಬೇಸ್ ಸರ್ವರಿಗೇ ಹೋಗುತ್ತದೆ, ಅಲ್ಲಿನ ಲಾಗ್‌ನಲ್ಲೂ ಬಿದ್ದಿರಬಹುದು. ಮೂರನೆಯದು ಜನರನ್ನು ಹೆಚ್ಚು ಕಾಡಿಸುವುದು: ಒಬ್ಬ ಗುಮಾಸ್ತ +91 ಹಾಕಿ ಬರೆಯುತ್ತಾನೆ, ಇನ್ನೊಬ್ಬ ಮುಂದೆ 0 ಹಾಕುತ್ತಾನೆ, ಮತ್ತೊಬ್ಬ ಐದು ಅಂಕಿಯ ನಂತರ ಜಾಗ ಬಿಡುತ್ತಾನೆ. ಒಂದೇ ನಂಬರಿಗೆ ಮೂರು ಎಚ್‌ಮ್ಯಾಕ್. ದೋಷದ ಸಂದೇಶ ಎಲ್ಲೂ ಬರುವುದಿಲ್ಲ, ರೋಗಿ ಸಿಗುವುದಿಲ್ಲ ಅಷ್ಟೆ. ಅದೇ ವ್ಯಕ್ತಿಗೆ ಎರಡನೇ ಕಡತ ತೆರೆಯುತ್ತದೆ. ಎಚ್‌ಮ್ಯಾಕ್‌ಗೆ ಕೊಡುವ ಮುಂಚೆಯೇ ಬರೀ 10 ಅಂಕಿಗೆ ಇಳಿಸಿ.

ಇಷ್ಟಾದರೂ ಒಂದು ಸಂಗತಿ ಸೋರುತ್ತದೆ. ನಾಲ್ಕು ಸಾಲುಗಳಲ್ಲಿ ಒಂದೇ `phone_bidx` ಕಂಡರೆ, ನಂಬರ್ ತಿಳಿಯದಿದ್ದರೂ ಅವರು ಒಂದು ಫೋನನ್ನು ಹಂಚಿಕೊಂಡ ಒಂದೇ ಮನೆಯವರು ಎಂದು ಊಹಿಸಬಹುದು. ಇದು ಬೇಡವೆನಿಸಿದರೆ ಎಚ್‌ಮ್ಯಾಕ್‌ನ ಮೊದಲ 2 ಬೈಟ್‌ಗಳನ್ನು ಮಾತ್ರ ಇಡಿ. ಆಗ 65,536 ಗುಂಪುಗಳಾಗುತ್ತವೆ, 10 ಲಕ್ಷ ರೋಗಿಗಳಿದ್ದರೆ ಗುಂಪಿಗೆ ಸರಾಸರಿ 15 ಜನ. ಹುಡುಕಿದಾಗ ಆ 15 ಸಾಲುಗಳನ್ನು ತಂದು, ಬಿಚ್ಚಿ, ಬೇಕಾದವರನ್ನು ಆರಿಸಿಕೊಳ್ಳುತ್ತೀರಿ. ಅದಕ್ಕೆ ತೆರುವ ಬೆಲೆ ಇಷ್ಟು: ಆ ಕಾಲಂ ಮೇಲೆ `UNIQUE` ಹಾಕಲಾಗುವುದಿಲ್ಲ, ಪ್ರತಿ ಹುಡುಕಾಟಕ್ಕೂ ಸ್ವಲ್ಪ ಹೆಚ್ಚು ಕೆಲಸ. ನಾನಾದರೆ ಆ ಬೆಲೆ ತೆರುತ್ತೇನೆ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಫೋನ್ ನಂಬರ್ ಸರಿಹೋದ ವಾರವೇ ಇದೇ ಉಪಾಯವನ್ನು ರಕ್ತದ ಗುಂಪಿಗೂ ಅನ್ವಯಿಸಿಬಿಡುತ್ತಾರೆ. ದಯವಿಟ್ಟು ಬೇಡ. ರಕ್ತದ ಗುಂಪಿನಲ್ಲಿ ಎಂಟೇ ಬಗೆ. ಕೀಲಿ ಎಷ್ಟು ಗಟ್ಟಿಯಾಗಿದ್ದರೂ ಈ ಸಾಲು ಎಲ್ಲವನ್ನೂ ಹೊರಹಾಕುತ್ತದೆ:

```sql
SELECT blood_bidx, count(*) FROM patients
GROUP BY 1 ORDER BY 2 DESC;
```

ನಮ್ಮಲ್ಲಿ ಹೆಚ್ಚು ಜನರದು ಓ ಪಾಸಿಟಿವ್ ಮತ್ತು ಬಿ ಪಾಸಿಟಿವ್, ಅತಿ ಅಪರೂಪದ್ದು ಎಬಿ ನೆಗೆಟಿವ್. ಎಣಿಕೆಯ ಕ್ರಮವನ್ನು ಈ ಕ್ರಮದ ಪಕ್ಕದಲ್ಲಿಟ್ಟರೆ ಯಾವ ಸಂಕೇತ ಯಾವ ಗುಂಪು ಎಂದು ಹೆಚ್ಚುಕಡಿಮೆ ಓದಿಬಿಡಬಹುದು. 2015ರಲ್ಲಿ ಸಂಶೋಧಕರಾದ ನವೀದ್, ಕಮಾರಾ ಮತ್ತು ರೈಟ್ ಅಮೆರಿಕದ ಆಸ್ಪತ್ರೆಗಳ ದತ್ತಾಂಶದ ಮೇಲೆ ಮಾಡಿ ತೋರಿಸಿದ್ದು ಇದನ್ನೇ. ಎನ್‌ಕ್ರಿಪ್ಟ್ ಆದ ದತ್ತಾಂಶದ ಮೇಲೆಯೇ ಹುಡುಕುವ ಕ್ರಿಪ್ಟ್‌ಡಿಬಿಯಂತಹ ವ್ಯವಸ್ಥೆಗಳು ಹುಡುಕಾಟಕ್ಕಾಗಿ ಉಳಿಸಿಕೊಳ್ಳುವ ಸಮಾನತೆ ಮತ್ತು ಕ್ರಮವನ್ನೇ ಹಿಡಿದು, ಬಹಳಷ್ಟು ರೋಗಿಗಳ ವಿವರಗಳನ್ನು ಅವರು ಕೀಲಿಯಿಲ್ಲದೆ ಊಹಿಸಿದರು. ವಯಸ್ಸಿನ ಪ್ರಕಾರ ವಿಂಗಡಿಸಲು ಅನುಕೂಲವೆಂದು ಕ್ರಮವನ್ನು ಉಳಿಸುವ ಎನ್‌ಕ್ರಿಪ್ಶನ್ ಬಳಸಿದರೆ ಸೋರಿಕೆ ಇನ್ನೂ ಹೆಚ್ಚು. ವಯಸ್ಸುಗಳು ಸುಮಾರು ನೂರು. ಆಸ್ಪತ್ರೆ ದೊಡ್ಡದಾದರೆ ಎಲ್ಲವೂ ಕಾಣಿಸಿಕೊಂಡಿರುತ್ತವೆ, ಚಿಕ್ಕದರಿಂದ ದೊಡ್ಡದಕ್ಕೆ ಎಣಿಸಿದರೆ ಸಾಕು.

ಹಾಗಾದರೆ ರಕ್ತದ ಗುಂಪನ್ನು ಏನು ಮಾಡುವುದು? ಎನ್‌ಕ್ರಿಪ್ಟ್ ಮಾಡಿ, ಇಂಡೆಕ್ಸ್ ಇಲ್ಲದೆ ಬಿಡಿ. ಕೌಂಟರಿನಲ್ಲಿ ಯಾರೂ ಬರೀ ರಕ್ತದ ಗುಂಪು ಹೇಳಿ ಕಡತ ಕೇಳುವುದಿಲ್ಲ. ಫೋನ್ ನಂಬರಿನಿಂದ ಬಂದ ಆ 15 ಸಾಲುಗಳ ಜೊತೆಗೆ ಅದನ್ನೂ ಬಿಚ್ಚಿದರಾಯಿತು. ತಿಂಗಳಿಗೊಮ್ಮೆ ದಾನಿಗಳ ಪಟ್ಟಿ ಬೇಕಾದರೆ, ರಾತ್ರಿ ಹೊತ್ತು ಎಲ್ಲ ಸಾಲುಗಳನ್ನೂ ಬಿಚ್ಚಿ ನೋಡುವ ಒಂದು ಕೆಲಸ ಓಡಿಸಿ. 10 ಲಕ್ಷ ಸಾಲಿಗೆ ರಾತ್ರಿಯ ಸಮಯ ಧಾರಾಳವಾಗಿ ಸಾಕಾಗುತ್ತದೆ.